ವರದಿ ಖಾಲಿ ಬಂದರೆ ಉತ್ತರ ಹೀಗೆ ಬರೆಯಿರಿ

ಚಿಕ್ಕೋಡಿಯ ಒಂದು ಕಚೇರಿಯಲ್ಲಿ ಬಹಳ ವರ್ಷ ನನ್ನ ಕೆಲಸ ಒಂದೇ ಇತ್ತು: ಬಂದ ವರದಿಗಳನ್ನು ಕೂಡಿಸಿ ಒಂದು ಮಾಡಿ ಮೇಲೆ ಕಳಿಸುವುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ಕಡೆಯಿಂದ ಬರುತ್ತಿದ್ದವು. ಐದರಲ್ಲಿ ನಾಲ್ಕು ಬಂದು ಒಂದು ಬರದಿದ್ದರೆ ಕೆಲಸ ನಿಲ್ಲುತ್ತಿತ್ತು. ಬಂದದ್ದು ಖಾಲಿ ಇದ್ದರೆ ಇನ್ನೂ ಕಷ್ಟ, ಯಾಕೆಂದರೆ ಕಳಿಸಿದವರು ಕಳಿಸಿದೆವೆಂದು ನಿಶ್ಚಿಂತೆಯಿಂದ ಊಟಕ್ಕೆ ಕೂತಿರುತ್ತಾರೆ. ಅವರಿಗೆ ಹೇಗೆ ಹೇಳಬೇಕು, ಹೇಳುವ ಮೊದಲು ಏನು ನೋಡಬೇಕು ಎಂಬುದನ್ನು ನಾನು ತಡವಾಗಿ ಕಲಿತೆ. ನೀವು ಬೇಗ ಕಲಿಯಿರಿ.

2019ರ ಆಗಸ್ಟ್‌ನ ಮಹಾಪೂರ ಈ ಭಾಗದವರು ಯಾರೂ ಮರೆತಿಲ್ಲ. ಇಲ್ಲಿ ಮಳೆ ಕಡಿಮೆಯಾದರೂ ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ನೀರು ಕೃಷ್ಣೆ, ದೂಧಗಂಗೆ, ವೇದಗಂಗೆಯಲ್ಲಿ ಬಂದು ಊರೊಳಗೆ ಹೊಕ್ಕಿತ್ತು. ನೀರು ಇಳಿದ ಮೇಲೆ ಮನೆ ಹಾನಿಯ ಸಮೀಕ್ಷೆ ನಡೆಯಿತು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವರ್ಗ ಮಾಡಿ ಊರುವಾರು ಪಟ್ಟಿ ಕಳಿಸಬೇಕಿತ್ತು. ನದಿ ದಂಡೆಯ ಒಂದು ಕಡೆಯಿಂದ ಬೆಳಗ್ಗೆ 11.20ಕ್ಕೆ ಮೇಲ್ ಬಂತು. ತೆರೆದರೆ ಏನೂ ಇಲ್ಲ. ನಾನು ಹಿಂದೆ ಮುಂದೆ ನೋಡದೆ, ಎಲ್ಲರೂ ಇದ್ದ ವಾಟ್ಸಾಪ್ ಗುಂಪಿನಲ್ಲಿ, ಸಾಹೇಬರೂ ಇದ್ದ ಗುಂಪಿನಲ್ಲಿ, ಹೀಗೆ ಬರೆದೆ: “ನಿಮ್ಮ ವರದಿ ಖಾಲಿ ಇದೆ. ಕೂಡಲೇ ಮತ್ತೆ ಕಳಿಸಿ.” ಆ ಮೇಲ್ ಕಳಿಸಿದ್ದ ಹುಡುಗಿ ಮತ್ತೆ ಕಳಿಸಿದಳು. ಅದೂ ಖಾಲಿ. ಮೂರನೇ ಸಲವೂ ಖಾಲಿ. ಮಧ್ಯಾಹ್ನ ಮೂರಕ್ಕೆ ಫೋನ್ ಮಾಡಿದಾಗ ಅವಳ ದನಿ ನಡುಗುತ್ತಿತ್ತು. “ಅಕ್ಕಾರ, ನನ್ನ ಕಡೆ ಬರೋಬ್ಬರಿ ಕಾಣತೈತ್ರಿ. ಒಂಬತ್ತು ಪುಟ ಅದಾವ್ರಿ. ನಾ ಖಾಲಿ ಯಾಕ ಕಳಸ್ಲಿ?”

ಅವಳು ಹೇಳಿದ್ದು ನಿಜ, ನಾನು ಕಂಡದ್ದೂ ನಿಜ. ಕಳಿಸುವ ಕಡೆ ಪೂರ್ತಿ ಇದ್ದು ಬರುವ ಕಡೆ ಖಾಲಿ ಕಾಣುವುದಕ್ಕೆ ಏಳೆಂಟು ಕಾರಣ ಇವೆ. ಅವುಗಳಲ್ಲಿ ಯಾವುದು ಎಂದು ಗುರುತಿಸಿ ಬರೆದ ಉತ್ತರವೇ ಮರ್ಯಾದೆಯ ಉತ್ತರ. ಬರೀ “ದಯವಿಟ್ಟು” ಸೇರಿಸಿದರೆ ಸಾಲದು.

ಮೊದಲು ನಿಮ್ಮ ಕಡೆ ನೋಡಿಕೊಳ್ಳಿ

• ಉತ್ತರ ಬರೆಯುವ ಮೊದಲು ಐದು ನಿಮಿಷ ತೆಗೆದಿಡಿ. ಅರ್ಧ ಸಲ ಖಾಲಿ ಇರುವುದು ವರದಿಯಲ್ಲ, ನಾವು ನೋಡಿದ ರೀತಿ. ಅವಸರದಲ್ಲಿ ಬರೆದು ಆಮೇಲೆ “ಕ್ಷಮಿಸಿ, ಕಂಡಿತು” ಅಂದರೆ ಮುಂದಿನ ಸಲ ನಿಮ್ಮ ಮಾತಿಗೆ ತೂಕ ಇರುವುದಿಲ್ಲ.

• ಫೋನಿನಲ್ಲಿ ಮೇಲಿಂದ ಮೇಲೆ ನೋಡಿ ಬಿಡಬೇಡಿ, ಫೈಲ್ ಪೂರ್ತಿ ಇಳಿಸಿಕೊಂಡು ಕಂಪ್ಯೂಟರಿನಲ್ಲಿ ತೆರೆಯಿರಿ. ಚಿಕ್ಕ ಪರದೆಯ ಮುನ್ನೋಟದಲ್ಲಿ ಚೌಕದೊಳಗೆ ಬರೆದ ಬರಹ, ಕೋಷ್ಟಕ ಎಷ್ಟೋ ಸಲ ಕಾಣುವುದಿಲ್ಲ. ನೆಟ್ ಸಣ್ಣಗಿದ್ದರೆ ಅರ್ಧ ಇಳಿದ ಫೈಲೂ ಖಾಲಿಯಂತೆ ಕಾಣುತ್ತದೆ.

• ಎಕ್ಸೆಲ್ ಇದ್ದರೆ ಪರದೆಯ ಕೆಳಗಿನ ಪಟ್ಟಿ ನೋಡಿ. Sheet1 ಖಾಲಿ ಬಿಟ್ಟು Sheet2ರಲ್ಲಿ ಎಲ್ಲ ತುಂಬಿರುವವರು ನಮ್ಮಲ್ಲಿ ಬಹಳ ಜನ. ಫಿಲ್ಟರ್ ಹಾಕಿದ್ದು ತೆಗೆಯದೆ ಕಳಿಸಿದರೂ ಸಾಲುಗಳು ಅಡಗಿ ಕೂತಿರುತ್ತವೆ. ಎಡಗಡೆಯ ಸಾಲಿನ ಸಂಖ್ಯೆ 1ರಿಂದ 214ಕ್ಕೆ ಜಿಗಿದಿದ್ದರೆ ನಡುವಿನವು ಅಲ್ಲೇ ಇವೆ ಅಂತ ತಿಳಿಯಿರಿ.

• ವರ್ಡ್ ಫೈಲ್ ಬಿಳಿಯಾಗಿ ತೆರೆದರೆ Ctrl+A ಒತ್ತಿ ನೋಡಿ. ಬಿಳಿ ಬಣ್ಣದ ಅಕ್ಷರ ಇದ್ದರೆ ಅದರ ಮೇಲೆ ನೆರಳು ಬೀಳುತ್ತದೆ. ಬಣ್ಣದ ಪಟ್ಟಿಯ ಮೇಲೆ ಬಿಳಿ ಅಕ್ಷರ ಹಾಕಿದವರು ಆಮೇಲೆ ಪಟ್ಟಿ ತೆಗೆದಾಗ ಹೀಗಾಗುತ್ತದೆ. ಆಗ ಅವರಿಗೆ ಏನೂ ಬರೆಯಬೇಕಾಗಿಲ್ಲ, ಅಕ್ಷರಕ್ಕೆ ಕಪ್ಪು ಬಣ್ಣ ಕೊಟ್ಟು ಕೆಲಸ ಮುಂದುವರಿಸಿ.

• ಅಕ್ಷರ ಬದಲಾಗಿದ್ದರೆ ಅದನ್ನು ಖಾಲಿ ಅನ್ನಬೇಡಿ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದ ವರದಿ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಆಗುತ್ತದೆ. ಅದಕ್ಕೆ “ಅಕ್ಷರ ಸರಿಯಾಗಿ ಬರುತ್ತಿಲ್ಲ, ಯುನಿಕೋಡ್‌ಗೆ ಬದಲಿಸಿ ಅಥವಾ ಪಿಡಿಎಫ್ ಮಾಡಿ ಕಳಿಸಿ” ಎಂದು ಬರೆಯಿರಿ. ಖಾಲಿ ಅಂದರೆ ಅವರು ಬೇರೆ ಏನನ್ನೋ ಹುಡುಕುತ್ತ ಕೂರುತ್ತಾರೆ.

ಫೈಲಿನ ತೂಕ ನೋಡಿ

• ಫೈಲಿನ ಮೇಲೆ ಬಲಗಡೆ ಗುಂಡಿ ಒತ್ತಿ Properties ನೋಡಿ, ಎಷ್ಟು ಬೈಟ್ ಇದೆ ಅಂತ ಬರೆದುಕೊಳ್ಳಿ. ಬಾಜಾರಿನಲ್ಲಿ ಚೀಲ ಬಿಚ್ಚುವ ಮೊದಲು ಕೈಯಲ್ಲಿ ಎತ್ತಿ ನೋಡುತ್ತೇವಲ್ಲ, ಇದೂ ಹಾಗೆ. ತೂಕವೇ ಮುಕ್ಕಾಲು ಕಥೆ ಹೇಳುತ್ತದೆ.

• 0 ಇದ್ದರೆ ಫೈಲ್ ದಾರಿಯಲ್ಲೇ ಮುರಿದಿದೆ, ಇಲ್ಲವೆ ಹೆಸರು ಮಾತ್ರ ಇಟ್ಟು ಒಳಗೆ ಏನೂ ಬರೆದಿಲ್ಲ. ಪೆನ್‌ಡ್ರೈವ್ ಅವಸರದಲ್ಲಿ ಕಿತ್ತಾಗ, ಕರೆಂಟು ಹೋದಾಗ ಹೀಗಾಗುವುದುಂಟು. ಇಂಥದ್ದಕ್ಕೆ “ಮತ್ತೊಮ್ಮೆ ಕಳಿಸಿ” ಅಂದರೆ ಸಾಕು, ಬಹಳ ವಿವರ ಬೇಡ.

• 1 ಕೆಬಿ ಆಸುಪಾಸು ಇದ್ದರೆ ಹೆಸರಿನ ಬಾಲ ನೋಡಿ. `.gdoc` ಅಥವಾ `.lnk` ಇದ್ದರೆ ನಿಮಗೆ ಬಂದದ್ದು ಮನೆಯಲ್ಲ, ಮನೆಯ ವಿಳಾಸದ ಚೀಟಿ. ಒಂದು ಗೂಗಲ್ ಕಡತಕ್ಕೆ ದಾರಿ, ಇನ್ನೊಂದು ಅವರ ಕಂಪ್ಯೂಟರಿನೊಳಗಿನ ಶಾರ್ಟ್‌ಕಟ್. ಅವರ ಕಂಪ್ಯೂಟರಿನಲ್ಲಿ ಒತ್ತಿದರೆ ವರದಿ ತೆರೆಯುತ್ತದೆ, ಹಾಗಾಗಿಯೇ ಅವರು “ನನಗ ಕಾಣತೈತಿ” ಅನ್ನುವುದು. ಬೈಯಬೇಡಿ, ಅವರ ಪರದೆಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

• ಹನ್ನೆರಡು ಕೆಬಿ ಆಸುಪಾಸಿನ ವರ್ಡ್ ಫೈಲ್ ಬಿಳಿಯಾಗಿದ್ದರೆ ಕೂಡಲೇ ಫೋನ್ ಹಚ್ಚಿ. ಹೊಸ ಖಾಲಿ ವರ್ಡ್ ಹಾಳೆ ಉಳಿಸಿದರೂ ಹೆಚ್ಚು ಕಡಿಮೆ ಅಷ್ಟೇ ತೂಕ ಬರುತ್ತದೆ. ಹಾಗಾದರೆ ಅವರ ಮೂಲ ವರದಿಯೇ ಅಳಿಸಿ ಹೋಗಿರುವ ಸಂಭವ ಇದೆ. ಎಲ್ಲವನ್ನೂ ಆಯ್ದು ಅಕಸ್ಮಾತ್ ಒಂದು ಗುಂಡಿ ಒತ್ತಿ, ಹಾಗೇ ಉಳಿಸಿ ಕಳಿಸಿರುತ್ತಾರೆ. ಅವರು ಫೈಲ್ ಇನ್ನೂ ಮುಚ್ಚಿರದಿದ್ದರೆ Ctrl+Z ಒತ್ತಿದರೆ ಬರಹ ವಾಪಸ್ ಬರುತ್ತದೆ. ಮುಚ್ಚಿದರೆ ಆ ದಾರಿ ಹೋಯಿತು. ಮೇಲ್ ಬರೆದು ಅವರು ಓದುವ ತನಕ ಕಾಯುವ ವಿಷಯ ಇದಲ್ಲ. “ಫೈಲ್ ಮುಚ್ಚಬ್ಯಾಡ್ರಿ, ಹಂಗ ಇರ್ಲಿ” ಅನ್ನುವುದೇ ಫೋನಿನ ಮೊದಲ ಮಾತಾಗಲಿ, ನಮಸ್ಕಾರ ಆಮೇಲೆ.

• ಉಳಿಸದೆಯೇ ಮುಚ್ಚಿದೆ ಅಂದರೆ ವರ್ಡ್‌ನಲ್ಲಿ File, ಆಮೇಲೆ Info, ಆಮೇಲೆ Manage Document ಒತ್ತಿ, Recover Unsaved Documents ತೆರೆಯಲು ಹೇಳಿ. ಎಲ್ಲ ಸಲ ಸಿಗುವುದಿಲ್ಲ, ಆದರೆ ಒಂಬತ್ತು ಪುಟ ಮತ್ತೆ ಹೊಡೆಯುವ ಮೊದಲು ಎರಡು ನಿಮಿಷ ಹುಡುಕುವುದು ಲಾಭ.

• ಪಿಡಿಎಫ್ ಇದ್ದು ಪುಟದ ಸಂಖ್ಯೆ ಸರಿ ಇದ್ದು ಎಲ್ಲ ಪುಟ ಬಿಳಿ ಇದ್ದರೆ, ಪರದೆಯ ಬೆಳಕು ಹೆಚ್ಚಿಸಿ ಹತ್ತಿರದಿಂದ ನೋಡಿ. ತಿರುಗುಮುರುಗಾದ ಅಕ್ಷರದ ತೆಳು ನೆರಳು ಕಂಡರೆ ಹಾಳೆಯ ಹಿಂಬದಿ ಸ್ಕ್ಯಾನ್ ಆಗಿದೆ. ಗಾಜಿನ ಮೇಲೆ ಇಡುವಾಗ ಬರಹ ಕೆಳಗೆ ಮುಖ ಮಾಡಿರಬೇಕು, ಮೇಲಿನಿಂದ ಹಾಳೆ ಎಳೆದುಕೊಳ್ಳುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಬರಹ ಮೇಲೆ ಇರಬೇಕು. ಒಂದು ಯಂತ್ರದ ರೂಢಿ ಇನ್ನೊಂದಕ್ಕೆ ತಂದರೆ ಇಡೀ ಕಟ್ಟು ಬಿಳಿ. ಇದನ್ನು ಒಂದು ಸಾಲಿನಲ್ಲಿ ಹೇಳಿದರೆ ಅವರು ಒಂದೇ ಸಲದಲ್ಲಿ ಸರಿ ಮಾಡುತ್ತಾರೆ.

• ತಲೆಬರಹ, ಕ್ರಮ ಸಂಖ್ಯೆ, ಊರಿನ ಹೆಸರು ಇದ್ದು ಒಳಗಿನ ಚೌಕಗಳು ಮಾತ್ರ ಖಾಲಿ ಇದ್ದರೆ “ವರದಿ ಖಾಲಿ” ಅನ್ನಬೇಡಿ, “ನಮೂನೆ ಮಾತ್ರ ಬಂದಿದೆ” ಅನ್ನಿ. ತುಂಬಿದ್ದು ಒಂದು ಪ್ರತಿಯಲ್ಲಿ, ಕಳಿಸಿದ್ದು ಮೂಲ ನಮೂನೆಯನ್ನು ಅಂತ ಅವರಿಗೆ ತಟ್ಟನೆ ಹೊಳೆಯುತ್ತದೆ.

ಇನ್ನು ಆ ಹುಡುಗಿಯ ಫೈಲಿಗೆ ಬರುತ್ತೇನೆ. ಅದರ ತೂಕ 162 ಬೈಟ್. ಕೆಬಿ ಅಲ್ಲ, ಬರೀ ಬೈಟ್. ಮೂರು ಸಲ ಬಂದದ್ದೂ ಅಷ್ಟೇ, ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೆಳಗ್ಗೆಯೇ ಇದನ್ನು ನೋಡಿದ್ದರೆ ಅವಳ ಅರ್ಧ ದಿನ ಉಳಿಯುತ್ತಿತ್ತು. ಫೋನಿನಲ್ಲಿ ಕೇಳಿದೆ, “ನೀ ಹಚ್ಚಿದ ಫೈಲಿನ ಹೆಸರಿನ ಮುಂದ ಏನೈತಿ ಓದಿ ಹೇಳವಾ.” ಅವಳು ಓದಿದಳು: “ಒಂದು ಹಾವಿನಂಥಾ ಗೆರಿ ಐತ್ರಿ, ಆಮ್ಯಾಲ ಡಾಲರ್ ಗುರ್ತು ಐತ್ರಿ, ಆಮ್ಯಾಲ ಎನ್, ಐ…” ಅವಳ ವರದಿಯ ಹೆಸರು `hani_varadi_final.docx`. ನನಗೆ ಬಂದದ್ದು `~$ni_varadi_final.docx`. ಮೊದಲಿನ ಎರಡು ಅಕ್ಷರ ನುಂಗಿ ಅಲ್ಲಿ ಆ ಗುರುತು ಕೂತಿತ್ತು.

ವರ್ಡ್‌ನಲ್ಲಿ ಒಂದು ಕಡತ ತೆರೆದಾಗಲೆಲ್ಲ ಅದರ ಪಕ್ಕದಲ್ಲಿ ಇಂಥ ಒಂದು ಚಿಕ್ಕ ಫೈಲ್ ತಾನಾಗಿ ಹುಟ್ಟುತ್ತದೆ. ಯಾರು ತೆರೆದಿದ್ದಾರೆ ಎಂಬ ಹೆಸರಷ್ಟೇ ಅದರಲ್ಲಿ ಇರುತ್ತದೆ, ಇನ್ನೊಬ್ಬರು ಅದೇ ಹೊತ್ತಿಗೆ ತಿದ್ದಬಾರದು ಅಂತ. ಮುಚ್ಚಿದಾಗ ತಾನೇ ಅಳಿಯುತ್ತದೆ, ಸಾಮಾನ್ಯವಾಗಿ ಕಣ್ಣಿಗೂ ಬೀಳುವುದಿಲ್ಲ. ಆದರೆ ಹಿಂದಿನ ದಿನ ಕರೆಂಟು ಹೋಗಿ ಅವಳ ಕಂಪ್ಯೂಟರ್ ಧಡಕ್ಕನೆ ಬಂದ್ ಆಗಿತ್ತು, ಹಾಗಾಗಿ ಅದು ಅಳಿಯದೆ ಉಳಿಯಿತು. ಅದಕ್ಕೂ ಮೊದಲು ಯಾರೋ ಪೆನ್‌ಡ್ರೈವಿನ ವೈರಸ್ ತೆಗೆಯಲು ಅಡಗಿದ ಫೈಲ್‌ಗಳೂ ಕಾಣುವಂತೆ ಮಾಡಿ, ಹಾಗೇ ಬಿಟ್ಟು ಹೋಗಿದ್ದರು. ಪಟ್ಟಿಯಲ್ಲಿ ಅದೇ ಮೇಲೆ ಕಾಣುತ್ತಿತ್ತು. ಅವಳು ಪ್ರತಿ ಸಲ ನಿಜವಾದ ವರದಿಯನ್ನು ತೆರೆದು, ಒಂಬತ್ತು ಪುಟ ಇವೆ ಅಂತ ಖಾತ್ರಿ ಮಾಡಿಕೊಂಡು, ಮೇಲಿದ್ದ ಆ ಚೂರನ್ನು ಲಗತ್ತಿಸಿ ಕಳಿಸುತ್ತಿದ್ದಳು. “ಮತ್ತೆ ಕಳಿಸಿ” ಎಂದು ನಾನು ಎಷ್ಟು ಸಲ ಬರೆದರೂ ಅದೇ ಬರುತ್ತಿತ್ತು. ಹೆಸರು ಓದಿಸಿದ ಮೇಲೆ ಐದು ನಿಮಿಷದಲ್ಲಿ ಪೂರ್ತಿ ವರದಿ ಬಂತು.

ಉತ್ತರ ಬರೆಯುವ ರೀತಿ

• ಕಳಿಸಿದವರೊಬ್ಬರಿಗೇ ಬರೆಯಿರಿ. ಗುಂಪಿನಲ್ಲಿ ಹಾಕಬೇಡಿ, ಸಾಹೇಬರಿಗೆ ಪ್ರತಿ ಕಳಿಸಬೇಡಿ. Reply all ಒತ್ತುವ ಮೊದಲು ಬೆರಳು ತಡೆಯಿರಿ. ಗುಂಪಿನಲ್ಲಿ ಒಂದು ಸಲ “ಖಾಲಿ ವರದಿ” ಅಂತ ಬಿದ್ದರೆ, ಆಮೇಲೆ ಪೂರ್ತಿ ವರದಿ ಬಂದದ್ದನ್ನು ಯಾರೂ ಓದುವುದಿಲ್ಲ, ಖಾಲಿ ಅಂದದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಎರಡು ದಿನ ಕೆಸರಿನಲ್ಲಿ ಊರೂರು ತಿರುಗಿ ಬಿದ್ದ ಗೋಡೆ ಎಣಿಸಿದವಳ ಮೇಲೆ ನಾನು ಆ ಮಾತು ಹೊರಿಸಿದೆ. ಮರುದಿನ ಅದೇ ಗುಂಪಿನಲ್ಲಿ ಅವಳ ವರದಿ ಪೂರ್ತಿ ಇತ್ತೆಂದು ನಾನೇ ಬರೆದೆ. ನೀವು ಬಹಿರಂಗವಾಗಿ ಅಂದಿದ್ದರೆ ಬಹಿರಂಗವಾಗಿಯೇ ವಾಪಸ್ ತೆಗೆದುಕೊಳ್ಳಿ.

• ಬಂದದ್ದಕ್ಕೆ ಮೊದಲು ರಸೀದಿ ಕೊಡಿ. ಯಾವ ದಿನ, ಎಷ್ಟು ಗಂಟೆಗೆ ಮೇಲ್ ತಲುಪಿತು ಅಂತ ಬರೆಯಿರಿ. ಗಡುವಿನೊಳಗೆ ಕಳಿಸಿದ್ದರು ಎಂಬುದಕ್ಕೆ ನಾಳೆ ಅವರಿಗೆ ಆ ಒಂದು ಸಾಲೇ ಆಧಾರ ಆಗುತ್ತದೆ.

• “ನೀವು ಖಾಲಿ ಕಳಿಸಿದ್ದೀರಿ” ಅನ್ನಬೇಡಿ, “ನನ್ನ ಕಡೆ ತೆರೆದಾಗ ಬರಹ ಕಾಣುತ್ತಿಲ್ಲ” ಅನ್ನಿ. ಅದು ಬರೀ ನಯ ಅಲ್ಲ, ನಿಮಗೆ ಗೊತ್ತಿರುವುದೂ ಅಷ್ಟೇ. ಅವರ ಕಡೆ ಏನಿದೆ ಅಂತ ನೀವು ನೋಡಿಲ್ಲ.

• ಫೈಲಿನ ಹೆಸರನ್ನು ಕಂಡ ಹಾಗೇ, ಒಂದು ಚುಕ್ಕೆ ಬಿಡದೆ ನಕಲು ಮಾಡಿ ಹಾಕಿ. ತೂಕವನ್ನೂ ಬರೆಯಿರಿ. ನಮ್ಮ ಭಾಗದಲ್ಲಿ ಇದು ಇನ್ನೂ ಅಗತ್ಯ. ಕಾಗವಾಡ, ನಿಪ್ಪಾಣಿ 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲೂಕುಗಳು. ಅದಕ್ಕೂ ಮೊದಲು ಕಾಗವಾಡದ ಊರುಗಳು ಅಥಣಿಯಲ್ಲಿ, ನಿಪ್ಪಾಣಿಯವು ಚಿಕ್ಕೋಡಿಯಲ್ಲಿ ಇದ್ದವು. ಹಳೆಯ ಫೋಲ್ಡರಿನಲ್ಲಿ ಹಳೆಯ ಹೆಸರಿನಲ್ಲೇ ಹೊಸ ವರದಿ ಉಳಿಸುವ ರೂಢಿ ಬಹಳ ದಿನ ಹೋಗಲಿಲ್ಲ. “ಅಥಣಿ ವರದಿ ಖಾಲಿ ಇದೆ” ಅಂತ ಬರೆದರೆ ಯಾರು ಹುಡುಕಬೇಕು ಎಂಬುದೇ ಗೊತ್ತಾಗುವುದಿಲ್ಲ.

• ನೀವು ಏನೇನು ನೋಡಿದಿರಿ ಅಂತ ಒಂದು ಸಾಲು ಹಾಕಿ: ಕಂಪ್ಯೂಟರಿನಲ್ಲೂ ನೋಡಿದೆ, ಫೋನಿನಲ್ಲೂ ನೋಡಿದೆ, ಎರಡನೇ ಶೀಟೂ ನೋಡಿದೆ. ಇಲ್ಲದಿದ್ದರೆ ಅವರು ಅದನ್ನೇ ಕೇಳಿ ಮೇಲ್ ಬರೆಯುತ್ತಾರೆ, ಒಂದು ಹೊತ್ತು ಹೋಗುತ್ತದೆ.

• ಒಂದೇ ಕೆಲಸ ಕೇಳಿ. ಪಿಡಿಎಫ್ ಮಾಡಿ, ಡ್ರೈವಿನಲ್ಲೂ ಹಾಕಿ, ಪ್ರಿಂಟೂ ಕಳಿಸಿ ಅಂತ ಮೂರು ಹೇಳಿದರೆ ಮೂರೂ ಅರ್ಧ ಆಗುತ್ತವೆ. ನನ್ನನ್ನು ಕೇಳಿದರೆ, ಅವರ Sent ಪೆಟ್ಟಿಗೆ ತೆರೆದು ಕಳಿಸಿದ ಫೈಲನ್ನೇ ಒತ್ತಿ ನೋಡಲು ಹೇಳಿ. ತಮ್ಮ ಫೋಲ್ಡರಿನಲ್ಲಿರುವುದನ್ನು ನೋಡಿದರೆ ಯಾವಾಗಲೂ ಸರಿಯೇ ಕಾಣುತ್ತದೆ. ಕಳಿಸಿದ್ದನ್ನೇ ತೆರೆದರೆ ನಿಮಗೆ ಕಂಡದ್ದು ಅವರಿಗೂ ಕಾಣುತ್ತದೆ, ಆಮೇಲೆ ನೀವು ಏನೂ ವಿವರಿಸಬೇಕಾಗಿಲ್ಲ.

• ಯಾವಾಗ ಬೇಕು ಎಂಬುದನ್ನು ಗಂಟೆಯ ಸಮೇತ ಹೇಳಿ. “ಕೂಡಲೇ” ಎಂಬ ಮಾತಿಗೆ ಅರ್ಥ ಉಳಿದಿಲ್ಲ, ಎಲ್ಲರೂ ಎಲ್ಲದಕ್ಕೂ ಬರೆಯುತ್ತಾರೆ. “ನಾಳೆ ಬೆಳಗ್ಗೆ 10ರೊಳಗೆ” ಅಂದರೆ ಅವರು ರಾತ್ರಿ ನೆಮ್ಮದಿಯಿಂದ ಮಲಗಬಹುದು.

ಅವತ್ತು ನಾನು ಬರೆಯಬೇಕಿದ್ದ ಉತ್ತರ ಇದು. ಬೇಕಾದರೆ ಬರೆದಿಟ್ಟುಕೊಳ್ಳಿ, ಹೆಸರು, ಗಂಟೆ ಬದಲಿಸಿದರೆ ಸಾಕು:

“ನಮಸ್ಕಾರ. ಮನೆ ಹಾನಿ ವರದಿಯ ನಿಮ್ಮ ಮೇಲ್ ಇಂದು ಬೆಳಗ್ಗೆ 11.20ಕ್ಕೆ ತಲುಪಿದೆ. ಅದರ ಜೊತೆ ಬಂದ `~$ni_varadi_final.docx` ಫೈಲ್ ನನ್ನ ಕಡೆ ತೆರೆದಾಗ ಬರಹ ಕಾಣುತ್ತಿಲ್ಲ, ತೂಕವೂ 162 ಬೈಟ್ ಮಾತ್ರ ಇದೆ. ಕಂಪ್ಯೂಟರ್, ಫೋನ್ ಎರಡರಲ್ಲೂ ನೋಡಿದೆ. ಹೆಸರಿನ ಮುಂದಿನ ಗುರುತು ನೋಡಿದರೆ ವರದಿಯ ಬದಲು ಅದರ ಪಕ್ಕದ ತಾತ್ಕಾಲಿಕ ಫೈಲ್ ಲಗತ್ತಾಗಿರಬಹುದು. ದಯವಿಟ್ಟು ಅದೇ ಫೋಲ್ಡರಿನಲ್ಲಿ ಆ ಗುರುತು ಇಲ್ಲದ ಫೈಲ್ ಕಳಿಸಿಕೊಡಿ. ಸಂಜೆ 4ರೊಳಗೆ ಸಿಕ್ಕರೆ ಇವತ್ತೇ ಕೂಡಿಸಿ ಕಳಿಸುತ್ತೇನೆ. ತೊಂದರೆಯಾದರೆ ಫೋನ್ ಮಾಡಿ, ನಾನು ಮೇಜಿನಲ್ಲೇ ಇರುತ್ತೇನೆ.”

• ದೊಡ್ಡ ಸಾಹೇಬರ ಕಡೆಯಿಂದ ಖಾಲಿ ಬಂದರೆ ಹೆದರಿ ಸುಮ್ಮನಿರಬೇಡಿ. ಅವರ ಕೆಳಗಿನವರನ್ನು ಗುಟ್ಟಾಗಿ ಕೇಳುವುದೂ ಬೇಡ, ಸುದ್ದಿ ಸುತ್ತಿ ಬಂದರೆ ಇನ್ನೂ ಕೆಟ್ಟದ್ದು. “ಸರ್, ತಾವು ಕಳುಹಿಸಿದ ಕಡತ ತಲುಪಿದೆ. ನನ್ನ ಕಡೆ ತೆರೆದಾಗ ಪುಟಗಳು ಬಿಳಿಯಾಗಿ ಕಾಣುತ್ತಿವೆ. ಇನ್ನೊಮ್ಮೆ ಕಳುಹಿಸಿಕೊಡಲು ಕೋರುತ್ತೇನೆ” ಇಷ್ಟು ಸಾಕು. ಕ್ಷಮೆ ಕೇಳಬೇಡಿ, ನೀವು ತಪ್ಪು ಮಾಡಿಲ್ಲ. ನಾಲ್ಕು ಸಲ ಕ್ಷಮಿಸಿ ಅಂದರೆ ಓದುವವರಿಗೆ ವಿಷಯ ಯಾವುದು ಅಂತಲೇ ತಿಳಿಯುವುದಿಲ್ಲ.

• ವಯಸ್ಸಾದ ಸಹೋದ್ಯೋಗಿ ಇದ್ದರೆ ಬರೆದ ಮೇಲೆ ಒಂದು ಫೋನ್ ಮಾಡಿ. “ಅಣ್ಣಾರ, ಒಂದ್ ಮೇಲ್ ಹಾಕೇನ್ರಿ, ಪುರಸೊತ್ತಾದಾಗ ನೋಡ್ರಿ” ಅನ್ನಿ. ಬರೀ ಮೇಲ್ ಕಂಡರೆ ಅವರಿಗೆ ಮೆಮೊ ಬಂದಂತೆ ಅನಿಸುತ್ತದೆ.

• ಗಡಿಯಾಚೆ ಕೊಲ್ಲಾಪುರ, ಸಾಂಗಲಿ ಕಡೆಯವರಿಗೆ ಬರೆಯುವಾಗ ಫೈಲಿನ ಹೆಸರು, ತೂಕ, ಗಂಟೆ ಇವು ಮೂರನ್ನು ಬೇರೆ ಸಾಲಿನಲ್ಲಿ ಹಾಕಿ. ಉಳಿದ ಮಾತು ಅವರಿಗೆ ತಿಳಿಯದಿದ್ದರೂ ಆ ಮೂರು ತಿಳಿಯುತ್ತವೆ. ಮರಾಠಿ ಬರುತ್ತಿದ್ದರೆ ಎರಡು ಸಾಲು ಮರಾಠಿಯಲ್ಲೇ ಬರೆಯಿರಿ. ಕೆಲಸ ಆಗಬೇಕು, ಅಷ್ಟೇ.

ಹೊಳೆ ಬಂದ ದಿನ

• ಪೂರ ಬಂದಿರುವಾಗ ಫೈಲಿಗಾಗಿ ಹಟ ಹಿಡಿಯಬೇಡಿ. ಕಲ್ಲೋಳ–ಯಡೂರು ಬಾಂದಾರ ಮುಳುಗಿದರೆ ಹಾಳೆ ಕೊಟ್ಟು ಆಳು ಕಳಿಸುವ ದಾರಿಯೂ ಇಲ್ಲ, ಆ ಹೊತ್ತಿಗೆ ಕರೆಂಟು, ನೆಟ್ ಎರಡೂ ನಂಬಿಕೆಗೆ ಇರುವುದಿಲ್ಲ. ಪರಿಹಾರ ಕೇಂದ್ರದಲ್ಲಿ ಎಷ್ಟು ಕುಟುಂಬ, ಎಷ್ಟು ಜನ, ಎಷ್ಟು ಜಾನುವಾರು ಅಂತ ಫೋನಿನಲ್ಲೇ ಕೇಳಿ ಬರೆದುಕೊಳ್ಳಿ. ಬರೆದದ್ದನ್ನು ತಿರುಗಿ ಓದಿ ಹೇಳಿ, ಯಾಕೆಂದರೆ ಮಳೆಯ ಸದ್ದಿನಲ್ಲಿ ಅರವತ್ತು, ಎಪ್ಪತ್ತು ಎರಡೂ ಒಂದೇ ಕೇಳಿಸುತ್ತವೆ.

• ಕೈಬರಹದ ಪಟ್ಟಿಯ ಫೋಟೊ ಕೇಳಿ. ನಾಲ್ಕು ಮೂಲೆ ಕಾಣುವಂತೆ, ಮೇಲಿನಿಂದ ನೆಟ್ಟಗೆ, ಪುಟಕ್ಕೊಂದು. ಹರಕು ನೆಟ್ಟಿನಲ್ಲಿ ಇಡೀ ಕಡತ ನಾಲ್ಕು ಸಲ ಹತ್ತುವುದಕ್ಕಿಂತ ಒಂದೊಂದೇ ಫೋಟೊ ಹೋಗುವುದು ಹಗುರ. ಅವರ ಡೇಟಾನೂ ಉಳಿಯುತ್ತದೆ, ಆ ರಾತ್ರಿ ಅವರಿಗೆ ಮನೆಯವರ ಜೊತೆ ಮಾತಾಡಲು ಬೇಕಾಗುತ್ತದೆ.

• ಬರದೇ ಇರುವ ಅಂಕಿ ಸೊನ್ನೆ ಅಂತ ತುಂಬಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಖಾಲಿ ವರದಿ ಬಂದ ತಾಲೂಕಿನ ಮುಂದೆ 0 ಹಾಕಿ ಮೇಲೆ ಕಳಿಸಿದರೆ, ಅಲ್ಲಿ ಮನೆಯೇ ಬಿದ್ದಿಲ್ಲ ಎಂದು ಓದುತ್ತಾರೆ. “ವರದಿ ಬರಬೇಕಿದೆ” ಅಂತ ಅಕ್ಷರದಲ್ಲಿ ಬರೆಯಿರಿ. ಸೊನ್ನೆಗೂ ಖಾಲಿಗೂ ನಡುವೆ ಬಿದ್ದ ಮನೆಗಳಿವೆ.

ಬಂದ ಮೇಲೆ

• ಖಾಲಿ ಫೈಲನ್ನು ಸರಿಯಾದದ್ದು ಬರುವ ತನಕ ಅಳಿಸಬೇಡಿ. ಅದರ ಹೆಸರು, ತೂಕ ಮತ್ತೆ ನೋಡಬೇಕಾಗಬಹುದು.

• ಸರಿಯಾದದ್ದನ್ನು ಅದೇ ಹೆಸರಿನಲ್ಲಿ ಅದರ ಮೇಲೆ ಉಳಿಸಬೇಡಿ. ಬೇರೆ ಹೆಸರು ಕೊಟ್ಟು, ತೆರೆದು, ಪುಟ ಎಣಿಸಿ, ಆಮೇಲೆ ಹಳೆಯದನ್ನು ಅಳಿಸಿ. ಎರಡೂ ಒಂದೇ ಹೆಸರಿನಲ್ಲಿದ್ದರೆ ಮೇಲಿನವರಿಗೆ ಖಾಲಿಯದೇ ಹೋಗುತ್ತದೆ. ಹೀಗೆ ಹೋಗಿದ್ದನ್ನು ಕಂಡಿದ್ದೇನೆ.

• ತೆರೆದು ನೋಡದೆ ಪ್ರಿಂಟ್ ಕೊಡಬೇಡಿ. ಒಂಬತ್ತು ಬಿಳಿ ಹಾಳೆ ಹೊರಗೆ ಬಂದರೆ ಮತ್ತೆ ಟ್ರೇಗೆ ಹಾಕಬಹುದು ಅನ್ನುತ್ತೀರಿ, ಆದರೆ ಒಮ್ಮೆ ಬಿಸಿಯಾಗಿ ಸುರುಳಿಗಟ್ಟಿದ ಹಾಳೆ ಎರಡನೇ ಸಲ ಸಿಕ್ಕಿಹಾಕಿಕೊಳ್ಳುತ್ತದೆ.

• ಸಿಕ್ಕಿತು ಅಂತ ಹೇಳುವಾಗ ಬರೀ “ಓಕೆ” ಬರೆಯಬೇಡಿ, ಹೆಬ್ಬೆರಳಿನ ಗುರುತೂ ಬೇಡ. “ವರದಿ ಬಂದಿದೆ. ಒಂಬತ್ತು ಪುಟ ಇದೆ. ಕೊನೆಯ ಪುಟದ ಒಟ್ಟು ಮೊತ್ತದ ಸಾಲೂ ಕಾಣುತ್ತಿದೆ. ಧನ್ಯವಾದ” ಅಂತ ಬರೆಯಿರಿ. ಪುಟದ ಲೆಕ್ಕ, ಕೊನೆಯ ಸಾಲು ಎರಡೂ ಹೇಳಿದರೆ ನಡುವೆ ಏನಾದರೂ ಕತ್ತರಿಸಿದ್ದರೆ ಅವರೇ ಹಿಡಿಯುತ್ತಾರೆ. ಆ ಹುಡುಗಿಗೆ ನಾನು ಹೀಗೆ ಬರೆದಾಗ ಎರಡೇ ನಿಮಿಷದಲ್ಲಿ ಫೋನ್ ಬಂತು. “ಅಕ್ಕಾರ, ಹತ್ತನೇದ ಒಂದ್ ಹಾಳಿ ಕೈಲೆ ಬರದಿದ್ದು ಐತ್ರಿ, ಅದನ್ನ ಸೇರಸೂದು ಮರತೇನ್ರಿ.” ಆ ಹಾಳೆಯಲ್ಲಿ ಹನ್ನೊಂದು ಮನೆಗಳಿದ್ದವು.

• ಇವತ್ತು ನೀವು ಯಾರಿಗಾದರೂ ವರದಿ ಕಳಿಸಿದ್ದರೆ, ಈಗಲೇ Sent ತೆರೆದು ಆ ಫೈಲನ್ನು ಒಮ್ಮೆ ಒತ್ತಿ ನೋಡಿ.